ಜಗಲಿಗೆ ಹಂಚಿನ ಬದಲು ಸ್ಲ್ಯಾಬ್: ಬಾಯಿಮಾತನ್ನು ಬರೆದಿಟ್ಟ ಬಗೆ

ಕುಮಟಾ ಸುತ್ತಮುತ್ತ ಮನೆ ಕಟ್ಟಿಸಿಕೊಡುವುದು ನನ್ನ ಕೆಲಸ. ಕರಾರು ಪತ್ರ ಎಲ್ಲರೂ ಮಾಡಿಕೊಳ್ಳುತ್ತಾರೆ. ಜಗಳ ಹುಟ್ಟುವುದು ಕೆಲಸದ ನಡುವೆ ಬಾಯಲ್ಲಿ ಆದ ಬದಲಾವಣೆಯಿಂದ. ಹಿಂದೆ ಒಂದು ಮನೆಯಲ್ಲಿ ಹೀಗೇ ಹೇಳಿಸಿಕೊಂಡು ಮಾಡಿದ ಕೆಲಸದ ದುಡ್ಡು ನನಗೆ ಬರಲೇ ಇಲ್ಲ. ಅವರು ಸುಳ್ಳು ಹೇಳಲಿಲ್ಲ. ಅದೂ ಮೊದಲಿನ ದರದೊಳಗೇ ಬರುತ್ತದೆ ಎಂದು ನಿಜವಾಗಿಯೂ ನಂಬಿದ್ದರು.

ಕಳೆದ ಬೇಸಿಗೆಯಲ್ಲಿ ಚಿರೆಕಲ್ಲಿನ ಗೋಡೆ ಎದ್ದಿತ್ತು. ಯಜಮಾನರು ಇರುವುದು ಬೆಂಗಳೂರಲ್ಲಿ, ಕರಾರಿಗೆ ಸಹಿ ಅವರದು. ಅವರ ಅಪ್ಪ ಒಂದು ಬೆಳಿಗ್ಗೆ ಬಂದು, "ಎದುರಿನ ಜಗಲಿಗೆ ಹಂಚು ಬೇಡ ಮಾರಾಯಾ, ಸ್ಲ್ಯಾಬೇ ಹಾಕ್ಬಿಡು. ಮಗನ ಹತ್ರ ಮಾತಾಡಿದ್ದೆ" ಅಂದರು. ಖರ್ಚು ಹೇಳಿದೆ, ಒಪ್ಪಿದರು. ಆದರೂ ಸೆಂಟ್ರಿಂಗಿನವರನ್ನು ಕರೆಯಲಿಲ್ಲ. ಅಂದೇ ಸಂಜೆ ಮಗನಿಗೆ ವಾಟ್ಸಾಪ್ ಕಳಿಸಿದೆ, ಅಪ್ಪನಿಗೂ ಅದನ್ನೇ:

"ನಮಸ್ಕಾರ. ಇಂದು ಬೆಳಿಗ್ಗೆ ನಿಮ್ಮ ತಂದೆಯವರು ಹೇಳಿದಂತೆ, ಎದುರಿನ 160 ಚದರಡಿ ಜಗಲಿಗೆ ಹಂಚಿನ ಮಾಡು ಬಿಟ್ಟು ಸ್ಲ್ಯಾಬ್ ಹಾಕುವುದು. ಸ್ಲ್ಯಾಬಿಗೆ 56,000 ರೂಪಾಯಿ. ಹಂಚು, ಪಕಾಸಿಗೆ ಹಿಡಿದಿದ್ದ 24,000 ಕಳೆದು ಹೆಚ್ಚುವರಿ 32,000. ಮನೆ ಬಿಟ್ಟುಕೊಡುವ ದಿನ ಮೇ 10ರ ಬದಲು ಮೇ 25. ಕರಾರಿನ ಉಳಿದ ಯಾವ ಮಾತೂ ಬದಲಾಗಿಲ್ಲ. ಸರಿಯಿದ್ದರೆ 'ಒಪ್ಪಿದೆ' ಎಂದು ಬರೆಯಿರಿ. ನಿಮ್ಮ ಉತ್ತರ ಬಂದ ಮೇಲೆ ಕೆಲಸ ಶುರು."

ಸೇರಿಸಿದ್ದಷ್ಟೇ ಬರೆದರೆ ಸಾಲದು. ಕಳೆದದ್ದನ್ನೂ ಬರೆಯದಿದ್ದರೆ, ಕೊನೆಯ ಬಿಲ್ಲಿನ ಹೊತ್ತಿಗೆ "ಹಂಚಿನ ದುಡ್ಡು ಎಲ್ಲಿ ಹೋಯಿತು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ದಿನಾಂಕವೂ ಹಾಗೆಯೇ. ನಮ್ಮ ಕರಾವಳಿಯಲ್ಲಿ ಜೂನಿನ ಮಳೆ ಹಿಡಿದರೆ ಹೊರಗಿನ ಪ್ಲಾಸ್ಟರ್ ನಿಂತೇ ಹೋಗುತ್ತದೆ, ಆಗ ತಡವಾದದ್ದು ಯಾರಿಂದ ಎಂಬ ಮಾತು ಏಳುತ್ತದೆ.

ರಾತ್ರಿ ಮಗ ಹೆಬ್ಬೆರಳಿನ ಚಿತ್ರ ಕಳಿಸಿದರು. ಅದು ನೋಡಿದ್ದಕ್ಕೋ ಒಪ್ಪಿದ್ದಕ್ಕೋ ತಿಳಿಯದು. ಫೋನ್ ಮಾಡಿ, "ಒಂದು ಮಾತು ಬರೆದು ಕಳಿಸಿ" ಎಂದು ಕೇಳಿದೆ. ಆಗ ಅವರು ಸಂದೇಶ ಪೂರ್ತಿ ಓದಿ ಕೇಳಿದರು: "ಪ್ಯಾರಾಪೆಟ್ ಇದರಲ್ಲೇ ಸೇರಿದೆ ಅಲ್ವಾ?" ಸೇರಿರಲಿಲ್ಲ. ಅಪ್ಪನ ಮನಸ್ಸಿನಲ್ಲಿ ಅದು ಇತ್ತು, ನನ್ನ ಲೆಕ್ಕದಲ್ಲಿ ಇರಲಿಲ್ಲ. ಮೂರು ಬದಿಗೆ 8,000 ಹೆಚ್ಚು ಎಂದೆ, ಒಪ್ಪಿದರು.

ಹಳೆಯ ಸಂದೇಶದ ಕೆಳಗೆ ಬರೀ ಆ ಒಂದು ಸಾಲು ಸೇರಿಸಲಿಲ್ಲ. "ಹಿಂದಿನದು ರದ್ದು, ಇದೇ ಅಂತಿಮ" ಎಂದು ಪೂರ್ತಿ ಹೊಸದಾಗಿ ಬರೆದೆ: ಹೆಚ್ಚುವರಿ 40,000. ಅದಕ್ಕೆ 'ಒಪ್ಪಿದೆ' ಬಂತು. ಎರಡು ಪ್ರತಿ ಪ್ರಿಂಟ್ ತೆಗೆಸಿಟ್ಟೆ. ಮಗ ಊರಿಗೆ ಬಂದಾಗ ಇಬ್ಬರೂ ಎರಡಕ್ಕೂ ಸಹಿ ಹಾಕಿ, ತಲಾ ಒಂದನ್ನು ಮೂಲ ಕರಾರಿಗೆ ಪಿನ್ ಮಾಡಿದೆವು.

ನೋಂದಣಿಯಾದ ಪತ್ರಕ್ಕೆ ಈ ದಾರಿ ಸಾಲದು, ಅದಕ್ಕೆ ವಕೀಲರನ್ನೇ ಕೇಳಬೇಕು. ನಮ್ಮದು ನೋಂದಣಿ ಇಲ್ಲದ ಕಟ್ಟಡದ ಕರಾರು. ಸಂದೇಶ ಒಪ್ಪಿಗೆಯಾದ ಮರುದಿನವೇ ಸೆಂಟ್ರಿಂಗ್ ಹಲಗೆ ಇಳಿಸಿದೆ.