ಸೋಮವಾರ ಡ್ಯೂಟಿಗೆ ಹಾಜರಾಗಬೇಕು, ನೇಮಕಾತಿ ಆದೇಶವೇ ಬಂದಿಲ್ಲ

ದ್ವಿತೀಯ ದರ್ಜೆ ಸಹಾಯಕ ಹುದ್ದೆಗೆ ನನ್ನ ಹೆಸರು ಅಂತಿಮ ಆಯ್ಕೆಪಟ್ಟಿಯಲ್ಲಿ ಬಂದಿತ್ತು. ದಾಖಲೆ ಪರಿಶೀಲನೆ, ಜಾತಿ ಸಿಂಧುತ್ವ ಪ್ರಮಾಣಪತ್ರ, ಪೊಲೀಸ್ ವೆರಿಫಿಕೇಶನ್ ಎಲ್ಲ ಮುಗಿದಿತ್ತು. ಉಳಿದಿದ್ದು ಆದೇಶ ಒಂದೇ. ಒಂದು ಮಂಗಳವಾರ ಸಂಜೆ, ಅದೇ ಪಟ್ಟಿಯಲ್ಲಿದ್ದ ಗೆಳೆಯ ತನಗೆ ಬಂದ ಆದೇಶದ ಫೋಟೋ ಕಳಿಸಿದ. ಮುಂದಿನ ಸೋಮವಾರದೊಳಗೆ ಹಾಜರಾಗಬೇಕು ಎಂದು ಅದರಲ್ಲಿತ್ತು. ನಮ್ಮ ಮನೆಗೆ ಏನೂ ಬಂದಿರಲಿಲ್ಲ. ಆ ಶನಿವಾರ ಎರಡನೇ ಶನಿವಾರ ಬೇರೆ. ಅಂದರೆ ಕಚೇರಿಗಳು ತೆರೆದಿರುವುದು ಬುಧವಾರದಿಂದ ಶುಕ್ರವಾರದವರೆಗೆ ಮಾತ್ರ.

ಇಂಥ ಹೊತ್ತಲ್ಲಿ ಎಲ್ಲರೂ ಮೊದಲು ಆದೇಶ ಹೊರಡಿಸಿದ ನಿರ್ದೇಶನಾಲಯಕ್ಕೆ ಫೋನ್ ಮಾಡಿ "ನನ್ನ ಆರ್ಡರ್ ಬಂದಿಲ್ಲ ಸಾರ್" ಅನ್ನುತ್ತಾರೆ. ಅದಕ್ಕೆ "ಕಳಿಸಿದೀವಿ, ಬರುತ್ತೆ" ಅನ್ನುವ ಉತ್ತರ ಬಿಟ್ಟು ಬೇರೆ ಸಿಗುವುದು ಕಷ್ಟ. ನೂರಾರು ಜನರ ಕಡತ ನೋಡುವವರಿಗೆ ಹೆಸರು ಹೇಳಿದರೆ ಏನೂ ತಿಳಿಯುವುದಿಲ್ಲ, ನಂಬರ್ ಬೇಕು. ಹಾಗಾಗಿ ನಾನು ಗೆಳೆಯನ ಆದೇಶವನ್ನು ಮೊದಲು ಪೂರ್ತಿ ಓದಿದೆ. ಅದು ಅವನೊಬ್ಬನ ಆದೇಶ ಅಲ್ಲ. ಒಂದೇ ಆದೇಶ, ಒಂದೇ ಸಂಖ್ಯೆ ಮತ್ತು ದಿನಾಂಕ, ಹಿಂದೆ ಅನುಬಂಧದಲ್ಲಿ ಎಲ್ಲರ ಹೆಸರು. ಅವನು ಕಳಿಸಿದ್ದು ಮೊದಲ ಮತ್ತು ಕೊನೆಯ ಪುಟ ಅಷ್ಟೇ. ಮಧ್ಯದ ಪುಟಗಳನ್ನೂ ತರಿಸಿಕೊಂಡೆ. ಅನುಬಂಧದಲ್ಲಿ ನನ್ನ ಹೆಸರು ಇತ್ತು, ಪಕ್ಕದ ಜಿಲ್ಲೆಗೆ ಹಾಕಿದ್ದರು. ಆಗ ಅರ್ಧ ಜೀವ ಬಂತು.

ಕೊನೆಯ ಪುಟದಲ್ಲಿ ಸಹಿಯ ಕೆಳಗೆ "ಪ್ರತಿ" ಎಂದು ಒಂದು ಪಟ್ಟಿ ಇರುತ್ತದಲ್ವಾ, ನನಗೆ ದಾರಿ ತೋರಿಸಿದ್ದು ಅದು. ಯಾರು ಯಾರಿಗೆ ಆದೇಶದ ಪ್ರತಿ ಹೋಗಿದೆ ಎಂದು ಅಲ್ಲಿ ಬರೆದಿರುತ್ತಾರೆ. ನಾನು ಹಾಜರಾಗಬೇಕಿದ್ದ ಜಿಲ್ಲಾ ಕಚೇರಿಯೂ ಅದರಲ್ಲಿತ್ತು. ಬುಧವಾರ ಬೆಳಗ್ಗೆ ಕಚೇರಿ ತೆರೆದ ಕೂಡಲೇ ಅಲ್ಲಿಯ ಸಿಬ್ಬಂದಿ ಶಾಖೆಗೆ ಫೋನ್ ಮಾಡಿದೆ. ಆದೇಶದ ಸಂಖ್ಯೆ, ದಿನಾಂಕ, ಅನುಬಂಧದಲ್ಲಿ ನನ್ನ ಕ್ರಮಸಂಖ್ಯೆ ಹೇಳಿ, "ನಿಮ್ಮ ಕಚೇರಿಗೆ ಪ್ರತಿ ಬಂದಿದೆಯಾ ಮೇಡಂ?" ಎಂದು ಕೇಳಿದೆ. ಬಂದಿತ್ತು. "ಆದ್ರೆ ನೀವು ನಿಮ್ಮ ಪ್ರತಿ ತರಲೇಬೇಕು. ವಾಟ್ಸಾಪ್ ಫೋಟೋ ಇಟ್ಕೊಂಡು ಹಾಜರು ಮಾಡಿಸ್ಕೊಳ್ಳೋಕೆ ಆಗಲ್ಲ" ಅಂದರು. ಬೇಸರವಾಯಿತು, ಆದರೆ ಅವರು ಹೇಳಿದ್ದು ಸರಿ. ಆ ಕಾಗದದ ಮೇಲೇ ಸಂಬಳ, ಸೇವಾ ಪುಸ್ತಕ ಎಲ್ಲ ಶುರುವಾಗುವುದು.

ಆಮೇಲೆ ನಿರ್ದೇಶನಾಲಯ. ನನ್ನ ವಿಷಯ ನೋಡುವ ಕೇಸ್ ವರ್ಕರ್ ಹತ್ತಿರ ನಾನು ಕೇಳಿದ್ದು ಒಂದೇ: ಈ ಕ್ರಮಸಂಖ್ಯೆಯ ಲಕೋಟೆಯ ಸ್ಪೀಡ್ ಪೋಸ್ಟ್ ನಂಬರ್. ಅವರು ಫೋನನ್ನು ರವಾನೆ ಶಾಖೆಗೆ ಕೊಟ್ಟರು. ಅಲ್ಲಿ ಹೊರಹೋಗುವ ಪ್ರತಿ ಕಾಗದಕ್ಕೂ ರವಾನೆ ವಹಿಯಲ್ಲಿ ಒಂದು ಸಾಲು ಇರುತ್ತದೆ, ಅದರ ಜೊತೆ ಅಂಚೆಯ ರಸೀದಿ ಹಾಳೆ. ಸ್ವಲ್ಪ ಕಾಯಿಸಿದರೂ ನಂಬರ್ ಓದಿ ಹೇಳಿದರು. ಎರಡು ಇಂಗ್ಲಿಷ್ ಅಕ್ಷರ, ಒಂಬತ್ತು ಅಂಕಿ, ಕೊನೆಯಲ್ಲಿ IN. ಒಟ್ಟು 13 ಇರಬೇಕು. ಫೋನಲ್ಲಿ ಬರೆದುಕೊಳ್ಳುವಾಗ ಒಂದು ಅಂಕಿ ತಪ್ಪಿದರೂ ಏನೂ ಸಿಗುವುದಿಲ್ಲ, ಅದಕ್ಕೆ ತಿರುಗಿ ಓದಿ ಹೇಳಿ ಖಚಿತ ಮಾಡಿಕೊಂಡೆ.

ಅಂಚೆ ಇಲಾಖೆಯ ವೆಬ್‌ಸೈಟಲ್ಲಿ ನಂಬರ್ ಹಾಕಿದೆ. ಇಲ್ಲಿ ಹೆಚ್ಚಿನವರು ಮೇಲಿನ ಒಂದು ಸಾಲು ನೋಡಿ ನಿಲ್ಲಿಸುತ್ತಾರೆ. ಕೆಳಗೆ ಲಕೋಟೆ ಯಾವ ಯಾವ ಕಚೇರಿ ದಾಟಿದೆ ಎಂಬ ಪಟ್ಟಿ ಇರುತ್ತದೆ, ಅದನ್ನು ಓದಬೇಕು. ನನ್ನ ಲಕೋಟೆ ಹಾಸನಕ್ಕೆ ಬಂದಿತ್ತು. ಅಲ್ಲಿಂದ ಮುಂದೆ ಹೋಗಿದ್ದು ನಮ್ಮ ತಾಲ್ಲೂಕಿನ ಅಂಚೆ ಕಚೇರಿಗಲ್ಲ, ಬೇರೆ ತಾಲ್ಲೂಕಿಗೆ.

ನಮ್ಮ ಊರು ಹೊಸಹಳ್ಳಿ. ಹಾಸನ ಜಿಲ್ಲೆಯಲ್ಲಿ ಹೊಸಹಳ್ಳಿ ಒಂದಲ್ಲ, ಎರಡಲ್ಲ. ಅರ್ಜಿಯಲ್ಲಿ ನಾನು ಅಂಚೆ, ಹೋಬಳಿ, ತಾಲ್ಲೂಕು, ಪಿನ್‌ಕೋಡ್ ಎಲ್ಲ ಬರೆದಿದ್ದೆ. ಆದರೆ ಅನುಬಂಧದ ವಿಳಾಸದ ಕಾಲಂ ಚಿಕ್ಕದು. ಅದರಲ್ಲಿ ಹೆಸರು, ತಂದೆಯ ಹೆಸರು, ಹೊಸಹಳ್ಳಿ, ಹಾಸನ ಜಿಲ್ಲೆ ಅಷ್ಟೇ ಉಳಿದಿತ್ತು. ಲಕೋಟೆಯ ಚೀಟಿಯನ್ನು ಆ ಕಾಲಂನಿಂದಲೇ ಮುದ್ರಿಸಿದ್ದರು. ತಾಲ್ಲೂಕೂ ಇಲ್ಲ, ಪಿನ್ ಕೂಡ ಇಲ್ಲ. ವಿಂಗಡಿಸುವವರು ತಮಗೆ ಗೊತ್ತಿದ್ದ ಹೊಸಹಳ್ಳಿಗೆ ಕಳಿಸಿದ್ದರು, ಪಾಪ.

ನಮ್ಮ ಊರಿನ ಪೋಸ್ಟ್‌ಮಾಸ್ಟರ್ ಅಣ್ಣನಿಗೆ ನಂಬರ್ ತೋರಿಸಿದೆ. ಅವರು ಆ ತಾಲ್ಲೂಕಿನ ಕಚೇರಿಗೆ ಫೋನ್ ಹಚ್ಚಿ ವಿಚಾರಿಸಿದರು. ಆ ಹೊಸಹಳ್ಳಿಯಲ್ಲಿ ಇಂಥವರು ಯಾರೂ ಇಲ್ಲ ಎಂದು ಷರಾ ಬರೆದು, ಲಕೋಟೆಯನ್ನು ಕಳಿಸಿದವರಿಗೇ ವಾಪಸ್ ಚೀಲಕ್ಕೆ ಹಾಕಿಯಾಗಿತ್ತು. ದಾರಿಯಲ್ಲಿರುವ ಚೀಲವನ್ನು ಯಾರೂ ತಡೆಯಲಾರರು. ಇನ್ನು ಅದರ ಹಿಂದೆ ಓಡುವುದರಲ್ಲಿ ಅರ್ಥ ಇರಲಿಲ್ಲ. ಟ್ರ್ಯಾಕಿಂಗ್ ಪುಟವನ್ನು ಮಾತ್ರ ಪ್ರಿಂಟ್ ತೆಗೆಸಿಟ್ಟುಕೊಂಡೆ. ಆದೇಶ ನನಗೆ ತಲುಪಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ.

ಆ ರಾತ್ರಿಯೇ ಮನವಿ ಬರೆದೆ, ನೇಮಕಾತಿ ಪ್ರಾಧಿಕಾರಕ್ಕೆ, ಅಂದರೆ ಆದೇಶಕ್ಕೆ ಸಹಿ ಹಾಕಿದ ಅಧಿಕಾರಿಯ ಹುದ್ದೆಗೆ. ವಿಷಯದ ಸಾಲು ಹೀಗಿತ್ತು: "ಅಂಚೆಯಲ್ಲಿ ತಲುಪದ ನೇಮಕಾತಿ ಆದೇಶದ ದೃಢೀಕೃತ ಪ್ರತಿ ನೀಡುವ ಬಗ್ಗೆ." ಉಲ್ಲೇಖದಲ್ಲಿ ಆದೇಶದ ಸಂಖ್ಯೆ, ದಿನಾಂಕ. ಒಳಗೆ ಕ್ರಮಸಂಖ್ಯೆ, ಸ್ಪೀಡ್ ಪೋಸ್ಟ್ ನಂಬರ್, ಲಕೋಟೆ ಎಲ್ಲಿಗೆ ಹೋಯಿತು ಎಂಬ ವಿವರ. ಕೇಳಿದ್ದು ಎರಡು. ಮೊದಲನೆಯದು ದೃಢೀಕೃತ ಪ್ರತಿಯನ್ನು ಖುದ್ದಾಗಿ ಕೊಡಿ ಎಂದು. ಎರಡನೆಯದು, ಅದು ಸಮಯಕ್ಕೆ ಆಗದಿದ್ದರೆ ಹಾಜರಾಗಲು ಕಾಲಾವಕಾಶ ಕೊಡಿ ಎಂದು. ಈ ಕ್ರಮ ಮುಖ್ಯ ಎಂದು ನನ್ನ ಅಭಿಪ್ರಾಯ. ರಾಜ್ಯದ 1977ರ ನೇಮಕಾತಿ ನಿಯಮಗಳಲ್ಲಿ, ತಕ್ಕ ಕಾರಣ ಇದ್ದರೆ ಲಿಖಿತ ಕೋರಿಕೆಯ ಮೇಲೆ ಹೆಚ್ಚಿನ ಸಮಯ ಕೊಡಲು ಅವಕಾಶ ಇದೆ. ಆದರೆ ಅದಕ್ಕೂ ಕಡತ ಮೇಲೆ ಹೋಗಿ ಲಿಖಿತ ಆದೇಶವೇ ಆಗಬೇಕು. ಕೋರಿಕೆ ಕೊಟ್ಟ ಮಾತ್ರಕ್ಕೆ ಸಮಯ ಸಿಕ್ಕಂತಲ್ಲ. ಅದನ್ನು ನಂಬಿ ಸುಮ್ನೆ ಮನೆಯಲ್ಲಿ ಕೂತು, ಗಡುವು ದಾಟಿದರೆ ಪಟ್ಟಿಯಿಂದ ಹೆಸರೇ ಹೋಗಬಹುದು.

ಗುರುವಾರ ಬೆಳಗ್ಗೆ ಬೆಂಗಳೂರಿನ ನಿರ್ದೇಶನಾಲಯದಲ್ಲಿದ್ದೆ. ಮನವಿಯ ಎರಡು ಪ್ರತಿ ಒಯ್ದಿದ್ದೆ. ಒಂದನ್ನು ಟಪಾಲು ಶಾಖೆಗೆ ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿಯ ಮೊಹರು, ದಿನಾಂಕ ಹಾಕಿಸಿಕೊಂಡೆ. ಆ ಮೊಹರಿನ ಪ್ರತಿ ಹಿಡಿದು ಕೇಸ್ ವರ್ಕರ್ ಹತ್ತಿರ ಹೋದೆ. ಆಧಾರ್, ಹಾಲ್ ಟಿಕೆಟ್, ಟ್ರ್ಯಾಕಿಂಗ್ ಪ್ರಿಂಟ್ ಮುಂದಿಟ್ಟೆ. ಅವರಿಗೆ ಹುಡುಕುವ ಕೆಲಸವೇ ಉಳಿದಿರಲಿಲ್ಲ, ಎಲ್ಲ ನಂಬರೂ ಕಾಗದದ ಮೇಲೇ ಇತ್ತು. ಸಹಿ ಮಾಡಬೇಕಿದ್ದ ಅಧಿಕಾರಿ ಮೀಟಿಂಗಿಗೆ ಹೋಗಿದ್ದರಿಂದ ಶುಕ್ರವಾರ ಮಧ್ಯಾಹ್ನದವರೆಗೆ ಕಾಯಬೇಕಾಯಿತು. ಕೈಗೆ ಸಿಕ್ಕ ಕೂಡಲೇ ಅಲ್ಲೇ ನಿಂತು ನೋಡಿದೆ: ಪ್ರತಿ ಪುಟದಲ್ಲೂ ದೃಢೀಕರಣದ ಸಹಿ ಮೊಹರು ಇದೆಯಾ, ನನ್ನ ಹೆಸರಿರುವ ಅನುಬಂಧದ ಪುಟ ಸೇರಿದೆಯಾ ಎಂದು. ಆ ಪುಟದ ಮೇಲೆ ಮೊಹರು ಬಿಟ್ಟುಹೋಗಿತ್ತು! ಕೇಳಿ ಹಾಕಿಸಿಕೊಂಡೆ. ಜಿಲ್ಲಾ ಕಚೇರಿಯ ಅಧಿಕೃತ ಇಮೇಲ್‌ಗೂ ಅದೇ ಪ್ರತಿಯನ್ನು ಕಳಿಸಿಕೊಡಿ ಎಂದು ಕೋರಿದೆ, ಕಳಿಸಿದರು.

ಸೋಮವಾರ ಬೆಳಗ್ಗೆ ಹಾಜರಾತಿ ವರದಿ ಕೊಟ್ಟೆ. ಅದರಲ್ಲಿ ದಿನಾಂಕದ ಜೊತೆ "ಪೂರ್ವಾಹ್ನ" ಎಂದು ಬರೆದೆ. ಅಂಚೆಯ ಪ್ರತಿ ತಲುಪದ ಕಾರಣ ದೃಢೀಕೃತ ಪ್ರತಿಯ ಆಧಾರದ ಮೇಲೆ ಹಾಜರಾಗಿದ್ದೇನೆ ಎಂದು ಒಂದು ಸಾಲು ಸೇರಿಸಿ, ಮನವಿಯ ಸ್ವೀಕೃತಿ ಪ್ರತಿಯನ್ನು ಲಗತ್ತಿಸಿದೆ. ಅದೇ ದಿನ ತಾಲ್ಲೂಕು, ಹೋಬಳಿ, ಪಿನ್‌ಕೋಡ್ ಸಮೇತ ನನ್ನ ಪೂರ್ತಿ ವಿಳಾಸವನ್ನು ಬೇರೆ ಪತ್ರದಲ್ಲಿ ಬರೆದು ಸಿಬ್ಬಂದಿ ಶಾಖೆಗೆ ಕೊಟ್ಟೆ.