ಒಂದು ಸಲ ಒತ್ತಿದರೆ ಕೇಳಿಸಲ್ಲ, ಇನ್ನೊಂದು ಸಲ ಒತ್ತಿದರೆ ಕಿವಿ ಗುಂಯ್: ಹೆಡ್‌ಫೋನ್ ವಾಲ್ಯೂಮ್ ಹದಕ್ಕೆ ತರುವುದು ಹೇಗೆ?

ಹಗಲಲ್ಲಿ ಈ ತೊಂದರೆ ಗೊತ್ತಾಗುವುದಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಗದ್ದಲದಲ್ಲಿ ಎಲ್ಲರೂ ವಾಲ್ಯೂಮನ್ನು ಮೇಲಕ್ಕೇ ಇಟ್ಟುಕೊಂಡಿರುತ್ತಾರೆ. ರಾತ್ರಿ ಮನೆ ಮಲಗಿದ ಮೇಲೆ ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡು ಮೆಲ್ಲಗೆ ಏನಾದರೂ ಕೇಳೋಣ ಅಂದಾಗ ಶುರುವಾಗುತ್ತದೆ. ಒಂದು ಮೆಟ್ಟಿಲು ತೀರಾ ಸಣ್ಣ ದನಿ, ಅದರ ಮೇಲಿನದು ತೀರಾ ಜೋರು. ನಡುವೆ ಬೇಕಾದ ಜಾಗವೇ ಇಲ್ಲ.

ಹೆಚ್ಚಿನವರು ಹೆಡ್‌ಫೋನ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಬಹಳ ಸಲ ಅದು ಕೆಟ್ಟಿರುವುದಿಲ್ಲ. ಫೋನ್ ಎಣಿಸುವ ಮೆಟ್ಟಿಲುಗಳಿಗೂ ಹೆಡ್‌ಫೋನ್ ಎಣಿಸುವ ಮೆಟ್ಟಿಲುಗಳಿಗೂ ತಾಳೆಯಾಗಿರುವುದಿಲ್ಲ, ಅಷ್ಟೇ. ಆಂಡ್ರಾಯ್ಡ್ ಫೋನಿನಲ್ಲಿ ಇದಕ್ಕೆ ಒಂದು ಸೆಟ್ಟಿಂಗ್ ಇದೆ. ಅದನ್ನು ಮುಟ್ಟುವ ಮೊದಲು ಒಳಗೆ ಏನು ನಡೆಯುತ್ತದೆ ಅಂತ ತಿಳಿದುಕೊಂಡರೆ ಒಳ್ಳೆಯದು. ಇಲ್ಲದಿದ್ದರೆ ಸೆಟ್ಟಿಂಗ್ ಬದಲಿಸಿದ ಮೊದಲ ಹಾಡಿಗೇ ಕಿವಿ ನೋಯಬಹುದು.

ದನಿ ತಗ್ಗಿಸುವವರು ಯಾರು?

ಮೊದಲಿನ ಬ್ಲೂಟೂತ್ ಹೆಡ್‌ಫೋನ್‌ಗಳಲ್ಲಿ ವಾಲ್ಯೂಮ್ ಎರಡು ಕಡೆ ಇರುತ್ತಿತ್ತು. ಫೋನ್ ತಾನೇ ದನಿಯನ್ನು ತಗ್ಗಿಸಿ ಕಳಿಸುತ್ತಿತ್ತು. ಹೆಡ್‌ಫೋನ್ ಅದನ್ನು ತನ್ನ ಬಟನ್‌ಗಳಿಂದ ಮತ್ತೆ ಏರಿಸುತ್ತಿತ್ತು, ಇಳಿಸುತ್ತಿತ್ತು. ಎಲ್ಲಿ ಏರಿಸಬೇಕು ಅಂತ ಜನಕ್ಕೆ ಗೊಂದಲ. ಅದಕ್ಕೇ ಎರಡನ್ನೂ ಒಂದೇ ಮಾಡುವ ಏರ್ಪಾಡು ಬಂತು. ಅದರ ಹೆಸರು ಆಬ್ಸಲ್ಯೂಟ್ ವಾಲ್ಯೂಮ್. ಆಂಡ್ರಾಯ್ಡ್‌ಗೆ ಅದು ಬಂದದ್ದು 2015ರ ಆರನೇ ಆವೃತ್ತಿಯಲ್ಲಿ.

ಈಗ ಫೋನ್ ದನಿಯನ್ನು ತಗ್ಗಿಸುವುದಿಲ್ಲ. ಪೂರ್ತಿ ದನಿಯನ್ನೇ ಕಳಿಸಿ, ಜೊತೆಗೆ ಒಂದು ಸಂಖ್ಯೆಯನ್ನು ಹೇಳುತ್ತದೆ. ಆ ಸಂಖ್ಯೆ 0ಯಿಂದ 127ರ ಒಳಗಿರುತ್ತದೆ. ಸಂಖ್ಯೆ ನೋಡಿ ದನಿ ತಗ್ಗಿಸುವ ಕೆಲಸ ಹೆಡ್‌ಫೋನಿನದು. 40 ಅಂದರೆ ಎಷ್ಟು ಮೆಲ್ಲಗೆ, 80 ಅಂದರೆ ಎಷ್ಟು ಜೋರು ಅನ್ನುವುದನ್ನು ಹೆಡ್‌ಫೋನ್ ಮಾಡಿದವರೇ ಗೊತ್ತು ಮಾಡಿರುತ್ತಾರೆ. ಚೆನ್ನಾಗಿ ಮಾಡಿದ್ದರೆ ಯಾರಿಗೂ ತಕರಾರಿಲ್ಲ. ಅವಸರದಲ್ಲಿ ಮಾಡಿದ್ದರೆ ಈ ಎಗರಾಟ.

ನಿಮ್ಮಲ್ಲಿ ಅದು ಈಗ ಚಾಲೂ ಇದೆಯೋ ಇಲ್ಲವೋ ನೋಡುವುದು ಸುಲಭ. ಹಾಡು ಹಚ್ಚಿ, ಫೋನ್ ಕೈಯಲ್ಲಿ ಹಿಡಿದು, ಹೆಡ್‌ಫೋನ್ ಮೇಲಿನ ಪ್ಲಸ್ ಬಟನ್ ಒತ್ತಿ. ಫೋನಿನ ಪರದೆಯ ವಾಲ್ಯೂಮ್ ಪಟ್ಟಿಯೂ ಜೊತೆಗೇ ಸರಿದರೆ ಸಾಮಾನ್ಯವಾಗಿ ಅದು ಚಾಲೂ ಇದೆ ಅಂತ ಅರ್ಥ. ದನಿ ಬದಲಾಗಿ ಪಟ್ಟಿ ಅಲ್ಲೇ ನಿಂತಿದ್ದರೆ ಅದು ಚಾಲೂ ಇಲ್ಲ. ಆಗ ಮುಂದೆ ಹೇಳುವ ಸೆಟ್ಟಿಂಗ್ ನಿಮಗೆ ಏನೂ ಮಾಡುವುದಿಲ್ಲ.

ಅಳಿಯನ ನೆಕ್‌ಬ್ಯಾಂಡ್

ಅಕ್ಕನ ಮಗ ಪಿಯುಸಿ ಓದುತ್ತಾನೆ. ಬೇಸಿಗೆಯಲ್ಲಿ ಅವರ ಮನೆಯವರೆಲ್ಲ ಮಾಳಿಗೆ ಮೇಲೇ ಮಲಗುವುದು. ಅವನು ಅಲ್ಲೇ ಪಕ್ಕದಲ್ಲಿ ನೆಕ್‌ಬ್ಯಾಂಡ್ ಹಾಕಿಕೊಂಡು ಪಾಠದ ವಿಡಿಯೋ ಕೇಳುತ್ತಾನೆ. "ಮಾಮಾ, ಮೊದಲನೇದ್ದು ಒತ್ತಿದ್ರ ಏನೂ ಕೇಳಸಲ್ಲ. ಎರಡನೇದಕ್ಕ ಕೇಳಸ್ತದ, ಆದ್ರ ಸಣ್ಣಗ. ಮೂರನೇದಕ್ಕ ಹಂಗೇ ಅದ. ನಾಲ್ಕನೇದಕ್ಕ ಒಮ್ಮಿಗೇ ಕಿವಿ ಹರೀತದ ನೋಡು" ಅಂದ. ಇಷ್ಟು ಸ್ಪಷ್ಟವಾಗಿ ಹೇಳಿದ್ದಕ್ಕೆ ಕಾರಣ ಹುಡುಕುವುದು ಸುಲಭವಾಯಿತು.

ಅವನ ಫೋನಿನಲ್ಲಿ ಹಾಡು, ವಿಡಿಯೋ ವಾಲ್ಯೂಮಿಗೆ 15 ಮೆಟ್ಟಿಲು. ಬಹಳ ಆಂಡ್ರಾಯ್ಡ್ ಫೋನ್‌ಗಳಲ್ಲಿ ಅಷ್ಟೇ ಇರುತ್ತದೆ. 127ನ್ನು 15ಕ್ಕೆ ಹಂಚಿದರೆ ಒಂದು ಮೆಟ್ಟಿಲಿಗೆ ಎಂಟೂವರೆ ಬರುತ್ತದೆ. ಹಾಗಾಗಿ ಮೊದಲ ಸಲ ಒತ್ತಿದಾಗ ಫೋನ್ ಸುಮಾರು 8 ಅಂತ ಹೇಳುತ್ತದೆ. ಆಮೇಲೆ 17, 25, 34, ಹೀಗೆ ಮೇಲೆ ಹೋಗುತ್ತದೆ.

ನೆಕ್‌ಬ್ಯಾಂಡಿನ ಒಳಗೆ ಇದ್ದದ್ದು 10 ಮೆಟ್ಟಿಲು ಮಾತ್ರ. ಅದನ್ನು ಎಣಿಸಿದ್ದು ಹೇಗೆ ಅಂತ ಮುಂದೆ ಹೇಳುತ್ತೇನೆ. 127ನ್ನು ಹತ್ತಕ್ಕೆ ಸಮನಾಗಿ ಹಂಚಿದ್ದಾರೆ ಅಂದುಕೊಳ್ಳಿ. ಒಂದು ಮೆಟ್ಟಿಲಿಗೆ 12.7 ಆಯಿತು. ಈಗ ತಾಳೆ ನೋಡಿ. ಫೋನ್ 8 ಅಂದಾಗ ಅದು ಮೊದಲ ಮೆಟ್ಟಿಲನ್ನು ಮುಟ್ಟಿಲ್ಲ, ಹಾಗಾಗಿ ದನಿಯೇ ಇಲ್ಲ. 17 ಅಂದಾಗ ಒಂದನೇ ಮೆಟ್ಟಿಲು. 25 ಅಂದಾಗ ಎರಡನೆಯದಕ್ಕೆ ಕೂದಲೆಳೆಯಷ್ಟು ಕಡಿಮೆ ಬಿತ್ತು, ಯಾಕಂದರೆ ಅದು ಶುರುವಾಗುವುದು 25.4ಕ್ಕೆ. ಹಾಗಾಗಿ ಏನೂ ಬದಲಾಗಲಿಲ್ಲ. 34 ಅಂದಾಗ ಎರಡನೇ ಮೆಟ್ಟಿಲು. ಹುಡುಗ ಹೇಳಿದ್ದಕ್ಕೂ ಈ ಲೆಕ್ಕಕ್ಕೂ ಸರಿಯಾಗಿ ಕೂಡಿತು.

ಆದರೆ ಒಂದರಿಂದ ಎರಡಕ್ಕೆ ಹೋದರೆ ಕಿವಿ ಹರಿಯುವಷ್ಟು ಯಾಕೆ? ಒಂಬತ್ತರಿಂದ ಹತ್ತಕ್ಕೆ ಹೋದಾಗ ಗೊತ್ತೇ ಆಗುವುದಿಲ್ಲ, ಅಲ್ವಾ? ಕಿವಿ ಕೂಡಿಸುವ ಲೆಕ್ಕ ಮಾಡುವುದಿಲ್ಲ, ಎಷ್ಟು ಪಟ್ಟು ಅಂತ ನೋಡುತ್ತದೆ. ಹೆಡ್‌ಫೋನ್ ತನ್ನ ಮೆಟ್ಟಿಲುಗಳನ್ನು ಸಮಸಮ ಇಟ್ಟಿದ್ದರೆ ಒಂದರಿಂದ ಎರಡು ಅಂದರೆ ಎರಡು ಪಟ್ಟು. ಡೆಸಿಬಲ್ ಲೆಕ್ಕದಲ್ಲಿ ಅದು 6. ಒಂಬತ್ತರಿಂದ ಹತ್ತು ಅಂದರೆ ಒಂಬತ್ತನೇ ಒಂದು ಪಾಲು ಜಾಸ್ತಿ, ಒಂದು ಡೆಸಿಬಲ್ ಕೂಡ ಸರಿಯಾಗಿ ಆಗುವುದಿಲ್ಲ. ಹಾಗಾಗಿ ಇಂಥ ಹೆಡ್‌ಫೋನ್‌ಗಳಲ್ಲಿ ಎಗರಾಟವೆಲ್ಲ ಕೆಳಗಿನ ಎರಡು ಮೂರು ಮೆಟ್ಟಿಲಲ್ಲೇ ಇರುತ್ತದೆ. ಮೆಲ್ಲಗೆ ಕೇಳುವವರಿಗೇ ಕಷ್ಟ.

ಸೆಟ್ಟಿಂಗ್ ಬದಲಿಸುವುದು

ಈ ಸೆಟ್ಟಿಂಗ್ ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿಲ್ಲ. ಮೊದಲು ಡೆವಲಪರ್ ಆಯ್ಕೆಗಳನ್ನು ತೆರೆಯಬೇಕು. ಸೆಟ್ಟಿಂಗ್ಸ್‌ನಲ್ಲಿ "About phone" ಒಳಗೆ ಹೋಗಿ "Build number" ಅನ್ನುವ ಸಾಲನ್ನು ಏಳು ಸಲ ಒತ್ತಿ. ಸ್ಯಾಮ್ಸಂಗ್ ಫೋನಿನಲ್ಲಿ ಆ ಸಾಲು "Software information" ಒಳಗಿದೆ. ಶವೋಮಿ, ರೆಡ್‌ಮಿ ಫೋನಿನಲ್ಲಿ ಅದರ ಬದಲು ಎಂಐಯುಐ ಅಥವಾ ಓಎಸ್ ಆವೃತ್ತಿಯ ಸಾಲನ್ನು ಒತ್ತಬೇಕು. ಫೋನ್ ಲಾಕಿನ ಪಿನ್ ಕೇಳಿದರೆ ಕೊಡಿ.

ಆಮೇಲೆ "Developer options" ಕಾಣಿಸುತ್ತದೆ. ಕೆಲವು ಫೋನಿನಲ್ಲಿ ಅದು "System" ಒಳಗೆ, ಶವೋಮಿಯಲ್ಲಿ "Additional settings" ಒಳಗೆ, ಸ್ಯಾಮ್ಸಂಗ್‌ನಲ್ಲಿ ಸೆಟ್ಟಿಂಗ್ಸ್‌ನ ಕಟ್ಟಕಡೆಗೆ. ಅದನ್ನು ತೆರೆದರೆ ಉದ್ದನೆಯ ಪಟ್ಟಿ ಬರುತ್ತದೆ. ಬ್ಲೂಟೂತ್‌ಗೆ ಸಂಬಂಧಿಸಿದ ಸಾಲುಗಳ ನಡುವೆ "Disable absolute volume" ಅಂತ ಇದೆ. ಹೆಸರು ಗಮನಿಸಿ. ಇದನ್ನು ಆನ್ ಮಾಡಿದರೆ ಆಬ್ಸಲ್ಯೂಟ್ ವಾಲ್ಯೂಮ್ ಆಫ್ ಆಗುತ್ತದೆ. ನಮಗೆ ಬೇಕಾದ್ದು ಅದೇ. ಪಟ್ಟಿಯಲ್ಲಿ ಬೇರೆ ಏನನ್ನೂ ಸುಮ್ನೆ ಮುಟ್ಟಬೇಡಿ.

ಈಗ ಹೆಡ್‌ಫೋನನ್ನು ಕಿವಿಯಿಂದ ತೆಗೆಯಿರಿ. ಇದನ್ನು ಬಿಡಬೇಡಿ. ಇಷ್ಟು ದಿನ ಫೋನಿನ ಮಾತು ಕೇಳುತ್ತಿದ್ದ ಹೆಡ್‌ಫೋನ್ ಈಗ ತನ್ನದೇ ಯಾವುದೋ ವಾಲ್ಯೂಮಿನಲ್ಲಿ ನಿಲ್ಲುತ್ತದೆ. ಅದು ಪೂರ್ತಿ ಮೇಲೆಯೇ ಇರಬಹುದು. ಬ್ಲೂಟೂತ್ ಕಡಿದು ಮತ್ತೆ ಜೋಡಿಸಿ. ಬದಲಾವಣೆ ಕಾಣದಿದ್ದರೆ ಫೋನನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಫೋನಿನ ವಾಲ್ಯೂಮನ್ನು ಸೊನ್ನೆಗೆ ತಂದು ಹಾಡು ಹಚ್ಚಿ, ಆಮೇಲೆ ಒಂದೊಂದೇ ಮೆಟ್ಟಿಲು ಏರಿಸಿ.

ಇನ್ನು ನಿಮಗೆ ಮೊದಲಿನ ಹಾಗೆ ಎರಡು ವಾಲ್ಯೂಮ್. ಮಾಳಿಗೆ ಮೇಲಿನ ಟ್ಯಾಂಕಿನ ವಾಲ್ವು ಮತ್ತು ಅಡುಗೆಮನೆಯ ನಲ್ಲಿ ಇದ್ದ ಹಾಗೆ. ವಾಲ್ವನ್ನು ಅರ್ಧ ತಿರುವಿಟ್ಟರೆ ನಲ್ಲಿಯಲ್ಲಿ ನೀರು ಬೇಕಾದಷ್ಟೇ ಬಿಡಬಹುದು. ಹೆಡ್‌ಫೋನನ್ನು ಅದರ ಬಟನ್‌ಗಳಿಂದ ಒಂದು ಹದಕ್ಕೆ ಇಟ್ಟುಬಿಡಿ. ಆಮೇಲೆ ದಿನದ ಏರಿಳಿತವೆಲ್ಲ ಫೋನಿನಲ್ಲೇ ಮಾಡಿ.

ಆ ಹದ ಎಲ್ಲಿ? ಮೊದಲು ಹೆಡ್‌ಫೋನಿಗೆ ಎಷ್ಟು ಮೆಟ್ಟಿಲಿದೆ ಅಂತ ಎಣಿಸಿ. ಮೈನಸ್ ಬಟನನ್ನು ಕಡೆಯವರೆಗೆ ಒತ್ತಿ, ಆಮೇಲೆ ಪ್ಲಸ್ ಒತ್ತುತ್ತಾ ಹೋಗಿ. ಬಹಳ ನೆಕ್‌ಬ್ಯಾಂಡ್‌ಗಳು ತುದಿ ಮುಟ್ಟಿದಾಗ ಬೀಪ್ ಅನ್ನುತ್ತವೆ. ಅಳಿಯನದು ಹತ್ತಕ್ಕೆ ಬೀಪ್ ಅಂದಿತು. ಅದನ್ನು ನಾಲ್ಕಕ್ಕೆ ಇಟ್ಟೆವು. ಈಗ ಫೋನಿನ 15 ಮೆಟ್ಟಿಲೂ ಕೇಳಿಸುವ ಹಾಗೆ ಬದಲಾಗುತ್ತವೆ. ಫೋನ್ ದನಿ ತಗ್ಗಿಸುವ ರೀತಿ ಕಿವಿಯ ಲೆಕ್ಕಕ್ಕೆ ಹತ್ತಿರವಾದದ್ದರಿಂದ ಕೆಳಗಿನ ಮೆಟ್ಟಿಲುಗಳಲ್ಲೂ ಮೊದಲಿನ ಎಗರಾಟ ಇಲ್ಲ. ಅವನು ರಾತ್ರಿ ಮೂರು ನಾಲ್ಕರ ಸುತ್ತ ಇಟ್ಟುಕೊಳ್ಳುತ್ತಾನೆ. ಬಸ್ಸಿನಲ್ಲಿ ಹೋಗುವಾಗ ಫೋನ್ ಪೂರ್ತಿ ಏರಿಸಿದರೂ ಸಾಲದು ಅನಿಸಿದರೆ ನೆಕ್‌ಬ್ಯಾಂಡನ್ನು ಆರಕ್ಕೆ ಏರಿಸುತ್ತಾನೆ.

ಹೆಡ್‌ಫೋನನ್ನು ಪೂರ್ತಿ ಮೇಲಿಟ್ಟು ಫೋನಿನಲ್ಲಿ ಮಾತ್ರ ತಗ್ಗಿಸಬೇಡಿ. ಹಾಗೆ ಮಾಡಿದರೆ ಹೆಡ್‌ಫೋನಿನ ಒಳಗಿನ ಸುಯ್ ಅನ್ನುವ ಸದ್ದು ಹಾಗೇ ಉಳಿಯುತ್ತದೆ, ಹಾಡು ಮಾತ್ರ ಸಣ್ಣಗಾಗುತ್ತದೆ. ರಾತ್ರಿ ಅದು ಚೆನ್ನಾಗಿಯೇ ಕೇಳಿಸುತ್ತದೆ.

ಎಲ್ಲಿ ಕೈಕೊಡುತ್ತದೆ

ವಾಲ್ಯೂಮ್ ಬಟನ್ನೇ ಇಲ್ಲದ ಸಣ್ಣ ಇಯರ್‌ಬಡ್‌ಗಳಲ್ಲಿ ಈ ಉಪಾಯ ನಂಬಲು ಬರುವುದಿಲ್ಲ. ಅದರ ಸ್ವಂತ ವಾಲ್ಯೂಮ್ ಎಲ್ಲಿ ನಿಲ್ಲುತ್ತದೋ ಅಲ್ಲೇ, ಬದಲಿಸಲು ದಾರಿ ಇಲ್ಲ. ತೀರಾ ಮೇಲೆ ನಿಂತರೆ ಮೊದಲ ಮೆಟ್ಟಿಲೇ ಜೋರು. ತೀರಾ ಕೆಳಗೆ ನಿಂತರೆ ಪೂರ್ತಿ ಏರಿಸಿದರೂ ಕೇಳಿಸದು. ಹಾಗಾದರೆ ಸೆಟ್ಟಿಂಗನ್ನು ಹಿಂದಕ್ಕೆ ಹಾಕಿ. ಅದರ ಬದಲು ಹಾಡಿನ ಆ್ಯಪ್‌ನ ಈಕ್ವಲೈಜರ್‌ನಲ್ಲಿ ಒಟ್ಟು ದನಿಯನ್ನು ಏರಿಳಿಸುವ ಪ್ರೀಆ್ಯಂಪ್ ಇದ್ದರೆ ಅದನ್ನು ಇಳಿಸಿ. ಸ್ಯಾಮ್ಸಂಗ್ ಫೋನ್ ಇದ್ದವರು ಗ್ಯಾಲಕ್ಸಿ ಸ್ಟೋರ್‌ನಲ್ಲಿ ಸಿಗುವ ಸೌಂಡ್ ಅಸಿಸ್ಟೆಂಟ್ ಆ್ಯಪ್ ಹಾಕಿಕೊಂಡು ವಾಲ್ಯೂಮ್ ಮೆಟ್ಟಿಲನ್ನೇ ಸಣ್ಣದು ಮಾಡಿಕೊಳ್ಳಬಹುದು.

ಫೋನ್ ಕರೆಯ ದನಿಗೂ ಇದಕ್ಕೂ ಸಂಬಂಧವಿಲ್ಲ. ಕರೆಗೆ ಬ್ಲೂಟೂತ್‌ನಲ್ಲಿ ಬೇರೆಯೇ ದಾರಿ, ಬೇರೆಯೇ ವಾಲ್ಯೂಮ್ ಇದೆ.

ಇನ್ನೊಂದು ತಕರಾರು ನಮ್ಮಲ್ಲಿ ಜಾಸ್ತಿ. ಡೆವಲಪರ್ ಆಯ್ಕೆ ತೆರೆದಿದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ಎಚ್ಚರಿಕೆ ಕೊಟ್ಟು ತೆರೆಯುವುದೇ ಇಲ್ಲ. ಅದಕ್ಕೆ ಅಂತ ಡೆವಲಪರ್ ಆಯ್ಕೆಯ ಮೇಲಿನ ಸ್ವಿಚ್ ಆಫ್ ಮಾಡಿದರೆ ಈ ವಾಲ್ಯೂಮ್ ಸೆಟ್ಟಿಂಗ್ ಕೂಡ ಮೊದಲಿನ ಹಾಗೆ ಆಗಿಬಿಡುತ್ತದೆ. "ನಿನ್ನೆ ಸರಿ ಇತ್ತು, ಇವತ್ತು ಮತ್ತೆ ಎಗರುತ್ತಿದೆ" ಅನ್ನುವವರು ಮೊದಲು ಇದನ್ನೇ ನೋಡಬೇಕು. ನಿಮ್ಮ ಬ್ಯಾಂಕ್ ಆ್ಯಪ್ ಹಾಗೆ ಹಟ ಮಾಡುವಂಥದ್ದಾದರೆ ಈ ಸೆಟ್ಟಿಂಗನ್ನು ಮರೆತು ಈಕ್ವಲೈಜರ್ ದಾರಿ ಹಿಡಿಯುವುದೇ ಮೇಲು.

ಹೊಸದು ಕೊಳ್ಳುವವರು ಅಂಗಡಿಯಲ್ಲೇ ಡೆಮೊ ಪೀಸಿಗೆ ನಿಮ್ಮ ಫೋನ್ ಜೋಡಿಸಲು ಕೇಳಿ. ಜೋರಾಗಿ ಹಾಡು ಹಚ್ಚಿ ನೋಡಿದರೆ ಈ ದೋಷ ಗೊತ್ತಾಗುವುದಿಲ್ಲ. ಯಾರಾದರೂ ಮಾತಾಡುವ ವಿಡಿಯೋ ಹಚ್ಚಿ, ಸೊನ್ನೆಯಿಂದ ಐದನೇ ಮೆಟ್ಟಿಲವರೆಗೆ ಒಂದೊಂದೇ ಒತ್ತಿ ಕೇಳಿ. ಐದರಲ್ಲಿ ಎರಡು ಸಲ ದನಿ ಬದಲಾಗದಿದ್ದರೆ ಬೇರೆ ಮಾಡೆಲ್ ತೋರಿಸಲು ಹೇಳಿ.