ವಾರಾಂತ್ಯದ ಕೆಲಸಕ್ಕೆ ಕಾಂಪ್ ಆಫ್: ನಾನು ಕೇಳುವ ಕ್ರಮ

ವಾರಾಂತ್ಯದಲ್ಲಿ ದುಡಿದದ್ದಕ್ಕೆ ಸಿಗುವ ಬದಲಿ ರಜೆ, ಅಂದರೆ ಕಾಂಪ್ ಆಫ್, ಕೇಳುವ ಕೆಲಸ ಶುಕ್ರವಾರ ಸಂಜೆಯೇ ಶುರುವಾಗಬೇಕು. ಐಟಿ ಆಫೀಸುಗಳಲ್ಲಿ ಶನಿವಾರ ಬರಬೇಕೆಂದು ಪ್ರಾಜೆಕ್ಟ್ ಲೀಡ್ ಹೇಳುವುದು ಸಾಮಾನ್ಯವಾಗಿ ಬಾಯಿಮಾತಲ್ಲಿ. ಆದರೆ ಪೋರ್ಟಲ್‌ನಲ್ಲಿ ನಮ್ಮ ಅರ್ಜಿ ಹೋಗುವುದು ರಿಪೋರ್ಟಿಂಗ್ ಮ್ಯಾನೇಜರ್ ಹತ್ತಿರ. ನಾಲ್ಕಾರು ಪ್ರಾಜೆಕ್ಟುಗಳ ಜನ ಅವರ ಕೆಳಗಿರುತ್ತಾರೆ, ಯಾರು ಯಾವ ಶನಿವಾರ ಕೂತಿದ್ದರು ಅಂತ ಅವರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಮನೆಗೆ ಹೊರಡುವ ಮುಂಚೆ ಲೀಡ್‌ಗೆ ಎರಡು ಸಾಲು ಮೇಲ್ ಹಾಕುತ್ತೇನೆ:

“ಸರ್, ನೀವು ಹೇಳಿದಂತೆ ನಾಳೆ, ಜೂನ್ 14 ಶನಿವಾರ, ಬೆಳಿಗ್ಗೆ 10ರಿಂದ ಸಂಜೆ 7ರವರೆಗೆ ಪೇಮೆಂಟ್ ಮಾಡ್ಯೂಲ್ ಟೆಸ್ಟಿಂಗ್ ಮಾಡುತ್ತೇನೆ. ಇದಕ್ಕೆ ಒಂದು ದಿನದ ಕಾಂಪ್ ಆಫ್ ಹಾಕಿಕೊಳ್ಳಲು ನಿಮ್ಮ ಒಪ್ಪಿಗೆ ಬೇಕು.”

ಅವರು ಬರೀ ‘ಓಕೆ’ ಅಂದರೂ ಸಾಕು, ತಾರೀಖು, ಹೊತ್ತು, ಕೆಲಸ ಎಲ್ಲ ಕೆಳಗಿನ ಮೇಲ್‌ನಲ್ಲೇ ಇರುತ್ತದೆ. ಹೆಬ್ಬೆರಳಿನ ಚಿಹ್ನೆ ಒತ್ತಿ ಸುಮ್ಮನಾದರೆ ಮಾತ್ರ ಬಿಡುವುದಿಲ್ಲ. ಮೇಲನ್ನು ಪಿಡಿಎಫ್ ಮಾಡಿದಾಗ ಆ ಹೆಬ್ಬೆರಳು ಕಾಣದೇ ಹೋಗಬಹುದು. ಒಪ್ಪಿಗೆ ಚಾಟ್‌ನಲ್ಲಿ ಸಿಕ್ಕಿದ್ದರೆ ಅದನ್ನೇ ಮೇಲ್‌ನಲ್ಲಿ ಮತ್ತೊಮ್ಮೆ ಕೇಳುತ್ತೇನೆ. ಹಳೆಯ ಚಾಟ್ ತಾನಾಗಿ ಅಳಿಸಿಹೋಗುವಂತೆ ಇಟ್ಟಿರುವ ಆಫೀಸುಗಳೂ ಇವೆ.

ಆಮೇಲಿನದು ಎರಡು ಹೆಜ್ಜೆ, ಜನ ಒಂದೇ ಅಂದುಕೊಂಡು ಎಡವುವುದು ಇಲ್ಲೇ. ಮೊದಲು ದುಡಿದ ದಿನವನ್ನು ಜಮಾ ಮಾಡಿಸಬೇಕು, ಜಮಾ ಆದ ಮೇಲೆ ಅದರ ಮೇಲೆ ರಜೆ ಹಾಕಬೇಕು. ಜಮಾ ಆಗುವ ಮುಂಚೆ ರಜೆ ತೆಗೆದುಕೊಂಡರೆ ಆ ದಿನ ನಮ್ಮ ಮಾಮೂಲಿ ರಜೆಯಲ್ಲಿ ಕಡಿತವಾಗುತ್ತದೆ, ಅದೂ ಉಳಿದಿಲ್ಲದಿದ್ದರೆ ಸಂಬಳದಲ್ಲಿ. ಜಮಾ ಅರ್ಜಿಯನ್ನು ಸೋಮವಾರವೇ ಹಾಕುತ್ತೇನೆ, ಲೀಡ್ ಮೇಲ್‌ನ ಪಿಡಿಎಫ್ ಲಗತ್ತಿಸಿ. ಅದೇ ದಿನ ಟೈಮ್‌ಶೀಟ್‌ನಲ್ಲಿ ಶನಿವಾರದ ಗಂಟೆಗಳನ್ನೂ ತುಂಬುತ್ತೇನೆ. ಟೈಮ್‌ಶೀಟ್ ಖಾಲಿ ಇದ್ದರೆ ಎಚ್‌ಆರ್ ಕಡೆಯಿಂದ ಅರ್ಜಿ ವಾಪಸ್ ಬರುತ್ತದೆ.

ರಾತ್ರಿ ರಿಲೀಸ್ ಇದ್ದಾಗ ಲೆಕ್ಕ ಇನ್ನೊಂದು ರೀತಿ ಕೆಡುತ್ತದೆ. ನಾಲ್ಕು ಗಂಟೆ ದಾಟಿದರೆ ಅರ್ಧ ದಿನ, ಎಂಟು ದಾಟಿದರೆ ಪೂರ್ತಿ ದಿನ ಎಂಬ ನಿಯಮವಿದೆ ಅಂತಿಟ್ಟುಕೊಳ್ಳಿ. ಜೂನ್ 21ರ ಶನಿವಾರ ರಾತ್ರಿ 8ಕ್ಕೆ ಒಳಗೆ ಹೋಗಿ 22ರ ಭಾನುವಾರ ಬೆಳಗಿನ ಜಾವ 5ಕ್ಕೆ ಹೊರಬಂದರೆ ಒಟ್ಟು ಒಂಬತ್ತು ಗಂಟೆ. ಸಿಸ್ಟಮ್ ಮಾತ್ರ ನಡುರಾತ್ರಿಗೆ ಕತ್ತರಿಸಿ ಶನಿವಾರಕ್ಕೆ ನಾಲ್ಕು, ಭಾನುವಾರಕ್ಕೆ ಐದು ಅನ್ನುತ್ತದೆ. ಶನಿವಾರದ್ದು ನಾಲ್ಕು ದಾಟಲಿಲ್ಲ, ಹಾಗಾಗಿ ಕೈಗೆ ಬರುವುದು ಬರೀ ಅರ್ಧ ದಿನ. ಇಂಥ ಕಡೆ ಒಪ್ಪಿಗೆಯ ಮೇಲ್‌ನಲ್ಲೇ “21ರ ರಾತ್ರಿ 8ರಿಂದ 22ರ ಬೆಳಿಗ್ಗೆ 5ರವರೆಗೆ ಒಂದೇ ಪಾಳಿ, ಒಂದು ದಿನದ ಕಾಂಪ್ ಆಫ್, ಭಾನುವಾರದ ಲೆಕ್ಕಕ್ಕೆ” ಎಂದು ಬರೆಸಿಕೊಳ್ಳುತ್ತೇನೆ. ಮನೆಯಿಂದ ಮಾಡಿದ ಕೆಲಸಕ್ಕೆ ಸ್ವೈಪ್ ದಾಖಲೆಯೇ ಇರುವುದಿಲ್ಲ. ಆಗ ರಿಲೀಸ್ ಟಿಕೆಟ್ ನಂಬರ್ ಹಾಕುತ್ತೇನೆ, ಅದರಲ್ಲಿ ಶುರುವಾದ ಮತ್ತು ಮುಗಿದ ಹೊತ್ತು ತಾನಾಗಿ ದಾಖಲಾಗಿರುತ್ತದೆ.

ಇನ್ನು ಅವಧಿ. 60 ದಿನದೊಳಗೆ ಬಳಸಬೇಕು ಎಂಬ ನಿಯಮದಲ್ಲಿ ಆ 60 ದಿನ ಲೆಕ್ಕವಾಗುವುದು ದುಡಿದ ದಿನದಿಂದಲೋ, ಮಂಜೂರಾದ ದಿನದಿಂದಲೋ ಅಂತ ಮೊದಲು ನೋಡಿಕೊಳ್ಳಬೇಕು. ದುಡಿದ ದಿನದಿಂದ ಅಂತಾದರೆ 2025ರ ಜೂನ್ 14ರದ್ದು ಆಗಸ್ಟ್ 13ಕ್ಕೆ ಮುಗಿಯುತ್ತದೆ, ಜೂನ್ 22ರದ್ದು ಆಗಸ್ಟ್ 21ಕ್ಕೆ. ಆ ವರ್ಷ ಆಗಸ್ಟ್ 15 ಶುಕ್ರವಾರ. ಊರಿಗೆ ಹೋಗುವ ಆಸೆಯಲ್ಲಿ ಎಲ್ಲರ ಕಣ್ಣೂ 14ರ ಗುರುವಾರದ ಮೇಲೆ. ಅಲ್ಲಿಗೆ ಜೂನ್ 14ರ ದಿನ ಹಾಕಿದರೆ ಒಂದೇ ದಿನದ ಅಂತರದಲ್ಲಿ ಅದು ಸತ್ತಿರುತ್ತದೆ. ಜೂನ್ 14ರದ್ದನ್ನು 13ರ ಬುಧವಾರಕ್ಕೆ, 22ರದ್ದನ್ನು ಗುರುವಾರಕ್ಕೆ ಹಾಕಿದರೆ ಬುಧವಾರದಿಂದ ಭಾನುವಾರದವರೆಗೆ ಐದು ದಿನ ಸಿಗುತ್ತದೆ. ಯಾವ ದಿನ ಮೊದಲು ಮುಗಿಯುತ್ತದೋ ಅದನ್ನೇ ಮೊದಲು ಖರ್ಚು ಮಾಡುವುದು. ಪೋರ್ಟಲ್ ತೋರಿಸುವ ಕೊನೇ ತಾರೀಖನ್ನೂ ನೋಡಿ, ಮೊದಲ ದಿನವನ್ನೇ ಒಂದು ಅಂತ ಎಣಿಸುವ ಸಾಫ್ಟ್‌ವೇರ್‌ನಲ್ಲಿ ಜೂನ್ 14ರದ್ದು ಆಗಸ್ಟ್ 12ಕ್ಕೇ ಮುಗಿದಿರುತ್ತದೆ.

ರಜೆಯ ಮೇಲ್ ಮ್ಯಾನೇಜರ್‌ಗೆ, ಅದರ ಒಂದು ಪ್ರತಿ ಲೀಡ್‌ಗೆ. ವಿಷಯದ ಸಾಲಿನಲ್ಲೇ ತಾರೀಖುಗಳು ಬರಬೇಕು. ಒಳಗೆ ಇಷ್ಟು: “ಸರ್, ಜೂನ್ 14 (ಶನಿವಾರ, 9 ಗಂಟೆ) ಮತ್ತು ಜೂನ್ 21–22 (ರಾತ್ರಿ ರಿಲೀಸ್, 9 ಗಂಟೆ) ಕೆಲಸಕ್ಕೆ ಬದಲಾಗಿ ಆಗಸ್ಟ್ 13, 14 ಕಾಂಪ್ ಆಫ್ ಬೇಕಿದೆ. ಲೀಡ್ ಜೂನ್ 13 ಮತ್ತು 20ರಂದು ಕೊಟ್ಟ ಒಪ್ಪಿಗೆ ಲಗತ್ತಿಸಿದ್ದೇನೆ. ಆ ಎರಡು ದಿನ ನನ್ನ ಟಿಕೆಟ್‌ಗಳನ್ನು ಯಾರು ನೋಡುತ್ತಾರೆಂದು ಲೀಡ್ ಜೊತೆ ಮಾತಾಡಿಕೊಂಡಿದ್ದೇನೆ.” ಎಷ್ಟು ಕಷ್ಟಪಟ್ಟೆ, ಎಷ್ಟು ಸುಸ್ತಾಗಿದೆ ಅನ್ನುವುದನ್ನು ನಾನು ಬರೆಯುವುದಿಲ್ಲ. ಮಂಜೂರು ಮಾಡುವವರು ಹುಡುಕುವುದು ತಾರೀಖು ಮತ್ತು ಲಗತ್ತನ್ನು.

ವಾರಾಂತ್ಯದ ಪಾಳಿಗೆ ಭತ್ಯೆ ಕೊಡುವ ಕಡೆ ಒಂದೇ ದಿನಕ್ಕೆ ಭತ್ಯೆ, ಕಾಂಪ್ ಆಫ್ ಎರಡನ್ನೂ ಕೊಡುವುದು ಅಪರೂಪ. ಭತ್ಯೆ ಫಾರಂನಲ್ಲಿ ಲೀಡ್ ಎಲ್ಲರ ಹೆಸರನ್ನೂ ಒಟ್ಟಿಗೆ ಸೇರಿಸಿ ಕಳಿಸಿಬಿಟ್ಟಿದ್ದರೆ, ಜಮಾ ಅರ್ಜಿ ಹಾಕುವ ಮೊದಲೇ ನಿಮ್ಮ ಹೆಸರು ತೆಗೆಸಿ. ಭತ್ಯೆ ಒಮ್ಮೆ ಸಂಬಳದ ಜೊತೆ ಬಂದಮೇಲೆ ಅದನ್ನು ಹಿಂತಿರುಗಿಸಿ ರಜೆ ಪಡೆಯುವುದು ತಿಂಗಳುಗಟ್ಟಲೆ ಓಡಾಟ.